24ನೇ ಕಿಲೋಮೀಟರಿಗೆ ಕಾಲು ಕಲ್ಲಾಯಿತು, ಉಸಿರು ಮಾತ್ರ ಸರಾಗ. ಇದೇನಾ ‘ವಾಲ್’ ಅಂದ್ರೆ?

ದುರ್ಗದ ದಾರಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಭಾನುವಾರ ತುಮಕೂರಿನಿಂದ ದೇವರಾಯನದುರ್ಗಕ್ಕೆ ಓಡಿ ಹೋಗಿ ವಾಪಸ್ ಬಂದೆ. ಎರಡೂ ಕಡೆ ಸೇರಿ ಹತ್ತಿರ ಹತ್ತಿರ 30 ಕಿಲೋಮೀಟರ್. ಬೆಟ್ಟ ಹತ್ತಿದ್ದು ಚೆನ್ನಾಗಿಯೇ ಇತ್ತು. ಇಳಿದು ನಾಮದ ಚಿಲುಮೆ ದಾಟುವವರೆಗೂ ಕಿಲೋಮೀಟರಿಗೆ 6 ನಿಮಿಷದ ವೇಗ ಹಾಗೇ ಇತ್ತು. 24ನೇ ಕಿಲೋಮೀಟರ್ ಹತ್ತಿರ ಏನಾಯಿತೋ ಗೊತ್ತಿಲ್ಲ, ಎರಡೂ ತೊಡೆಗೆ ಮರಳಿನ ಚೀಲ ಕಟ್ಟಿದ ಹಾಗಾಯಿತು. ಐದು ನಿಮಿಷದ ಮುಂಚೆ ಸರಿಯಾಗಿದ್ದ ಕಾಲು ಅದು!

ವಿಚಿತ್ರ ಅಂದ್ರೆ ಉಸಿರು ಏನೂ ಏರಿರಲಿಲ್ಲ. ವಾಚ್‌ನಲ್ಲಿ ನೋಡಿದರೆ ಅಲ್ಲಿಯವರೆಗೆ 155ರ ಆಸುಪಾಸಿನಲ್ಲಿದ್ದ ಹೃದಯದ ಬಡಿತ 138ಕ್ಕೆ ಇಳಿದಿತ್ತು. ವೇಗ ಕಿಲೋಮೀಟರಿಗೆ 8 ನಿಮಿಷದ ಆಚೆ. ಇನ್ನೆಷ್ಟು ದೂರ ಇದೆ ಅಂತ ಲೆಕ್ಕ ಹಾಕಲು ಹೋದೆ, 30ರಲ್ಲಿ 24 ಕಳೆಯುವುದಕ್ಕೂ ತಡವರಿಸಿದೆ. ಕೈ ಸಣ್ಣಗೆ ನಡುಗುತ್ತಿತ್ತು. ರಸ್ತೆ ಬದಿಯ ಅಂಗಡಿಯಲ್ಲಿ ಬೆಲ್ಲ ಕೇಳಿ ಒಂದು ಉಂಡೆ ತಿಂದು ನೀರು ಕುಡಿದೆ. ಹತ್ತು ಹದಿನೈದು ನಿಮಿಷದಲ್ಲಿ ತಲೆ ತಿಳಿಯಾಯಿತು. ಆದರೆ ಕಾಲು ಮಾತ್ರ ಕೊನೆಯವರೆಗೂ ಹಗುರ ಆಗಲೇ ಇಲ್ಲ.

ನನ್ನ ಪ್ರಶ್ನೆ ಎರಡು. ಸುಸ್ತು ನಿಧಾನವಾಗಿ ಬರಬೇಕಲ್ವಾ, ಹೀಗೆ ಸ್ವಿಚ್ ಆರಿಸಿದ ಹಾಗೆ ಬರುವುದು ಯಾಕೆ? ಬೆಲ್ಲ ತಲೆಗೆ ಕೆಲಸ ಮಾಡಿದ್ದು ಕಾಲಿಗೆ ಯಾಕೆ ಮಾಡಲಿಲ್ಲ?

ಪಿಟಿ ಮೇಷ್ಟ್ರು, ಶಿರಾ

ಇದು ಲ್ಯಾಕ್ಟಿಕ್ ಆಸಿಡ್ ಕಣ್ರೀ. ಬೆಟ್ಟ ಹತ್ತುವಾಗ ಕಾಲಿನಲ್ಲಿ ತುಂಬಿಕೊಂಡಿದೆ, ವಾಪಸ್ ಬರುವಾಗ ಹಿಡಿದಿದೆ. ಜೊತೆಗೆ ಮೈಯಲ್ಲಿ ಸಕ್ಕರೆ ಅಂಶವೂ ಕಮ್ಮಿಯಾಗಿರುತ್ತದೆ. ಮುಂದಿನ ಸಲ ಒಂದು ಲೀಟರ್ ನೀರಿಗೆ ಓಆರ್‌ಎಸ್ ಪ್ಯಾಕೆಟ್ ಹಾಕಿಕೊಂಡು ಹೋಗಿ. ಉಪ್ಪು, ಸಕ್ಕರೆ ಎರಡೂ ಸಿಗುತ್ತೆ. ನಮ್ಮ ಹುಡುಗರಿಗೆ ನಾನು ಅದನ್ನೇ ಕೊಡೋದು.

ನಂದಿ ಸೈಕಲ್, ಚಿಕ್ಕಬಳ್ಳಾಪುರ

ನನಗೂ ಇದೇ ತೊಂದರೆ. ಸೈಕಲ್‌ನಲ್ಲಿ ನಂದಿ ಬೆಟ್ಟ ಹತ್ತುವಾಗ ಕಡೆಯ ತಿರುವುಗಳಲ್ಲಿ ತೊಡೆ ಉರಿದು ಭಾರವಾಗಿ ಪೆಡಲ್ ತುಳಿಯಲು ಆಗುವುದಿಲ್ಲ. ಮನೆಯಿಂದ ಹೊರಟು ಒಂದು ಗಂಟೆಯೂ ಆಗಿರುವುದಿಲ್ಲ. ಉಸಿರು ಬಾಯಿಗೆ ಬಂದಿರುತ್ತದೆ. ಎರಡು ನಿಮಿಷ ನಿಂತರೆ ಸರಿಹೋಗುತ್ತದೆ. ನಾನೂ ಬೆಲ್ಲ ಇಟ್ಟುಕೊಳ್ಳಬೇಕಾ?

ಅಂತರಗಂಗೆ, ಕೋಲಾರ

ನಾನು ಫಿಸಿಯಾಲಜಿ ಪಾಠ ಮಾಡುವವಳು, ಉದ್ದದ ಓಟಗಳನ್ನೂ ಓಡುತ್ತೇನೆ. ಮೊದಲು ನಂದಿ ಸೈಕಲ್ ಅವರಿಗೆ ಹೇಳಿಬಿಡುತ್ತೇನೆ. ನಿಮ್ಮದು ಬೇರೆ. ಉರಿ, ಏದುಸಿರು, ಎರಡು ನಿಮಿಷ ನಿಂತರೆ ಪರಿಹಾರ, ಇವು ಮೂರೂ ಶಕ್ತಿ ಮೀರಿ ತುಳಿದದ್ದರ ಗುರುತು. ಇನ್ನೂ ಹಗುರ ಗೇರ್ ಹಾಕಿ, ಬೆಟ್ಟದ ಬುಡದಲ್ಲಿ ನಿಧಾನ ಮಾಡಿ. ಬೆಲ್ಲದಿಂದ ಅದು ಹೋಗುವುದಿಲ್ಲ.

ದುರ್ಗದ ದಾರಿಯವರದ್ದು ಪಕ್ಕಾ ವಾಲ್. ಅವರು ವಾಚ್ ನೋಡಿ ಬರೆದದ್ದರಿಂದಲೇ ಅದು ಗೊತ್ತಾಗುತ್ತದೆ. ಬಿಸಿಲಿಗೋ ನೀರು ಕಮ್ಮಿಯಾಗಿಯೋ ಸೋತಿದ್ದರೆ ವೇಗ ಇಳಿದರೂ ಬಡಿತ ಏರಿಯೇ ಇರುತ್ತಿತ್ತು. ಇಲ್ಲಿ ವೇಗವೂ ಇಳಿದಿದೆ, ಬಡಿತವೂ ಇಳಿದಿದೆ, ಉಸಿರು ಸರಾಗ. ಅಂದರೆ ಹೃದಯ, ಶ್ವಾಸಕೋಶ ಇನ್ನೂ ಕೊಡಲು ತಯಾರಿವೆ, ಕೇಳುವ ಸ್ಥಿತಿಯಲ್ಲಿ ಸ್ನಾಯು ಇಲ್ಲ.

ಮೇಷ್ಟ್ರೇ, ಸಕ್ಕರೆ ಅಂಶ ಕಮ್ಮಿ ಅಂದದ್ದು ಸರಿ. ಲ್ಯಾಕ್ಟಿಕ್ ಆಸಿಡ್ ಅಲ್ಲ. ಬೆಟ್ಟದಲ್ಲಿ ಏರಿದ ಲ್ಯಾಕ್ಟೇಟ್ ಇಳಿದು ಹಗುರವಾಗಿ ಓಡುತ್ತಿದ್ದಂತೆ ಖರ್ಚಾಗಿ ಹೋಗುತ್ತದೆ, ಒಂದು ಗಂಟೆಯ ನಂತರ ಬಂದು ಕಾಲು ಹಿಡಿಯುವುದಿಲ್ಲ.

ಲೆಕ್ಕ ಹಾಕುವ ಮುಂಚೆ ಕೆಲವು ವಿಷಯ ಬೇಕು. ನಿಮ್ಮ ತೂಕ ಎಷ್ಟು? ಹಿಂದಿನ ರಾತ್ರಿ ಏನು ಊಟ? ಬೆಳಗ್ಗೆ ಏನು ತಿಂದಿರಿ, ದಾರಿಯಲ್ಲಿ ಏನು? ಆ ವಾರ ಬೇರೆ ಏನು ಓಡಿದ್ದಿರಿ? ಮತ್ತೆ, 18-20ನೇ ಕಿಲೋಮೀಟರಿನಲ್ಲಿ ಅದೇ ವೇಗಕ್ಕೆ ಸ್ವಲ್ಪ ಜಾಸ್ತಿ ಕಷ್ಟ ಪಡಬೇಕು ಅನ್ನಿಸಿತ್ತಾ?

ದುರ್ಗದ ದಾರಿ, ತುಮಕೂರು

ತೂಕ 62 ಕೆಜಿ, ಮೇಡಂ. ತೂಕ ಇಳಿಸಲು ಈಚೆಗೆ ರಾತ್ರಿ ಮುದ್ದೆ, ಅನ್ನ ಎರಡೂ ಬಿಟ್ಟಿದ್ದೇನೆ. ಶನಿವಾರ ರಾತ್ರಿ ಎರಡು ಮೊಟ್ಟೆ, ಹೆಸರುಬೇಳೆ ಕೋಸಂಬರಿ. ಬೆಳಗ್ಗೆ ಸಕ್ಕರೆ ಇಲ್ಲದ ಕಾಫಿ. ದಾರಿಯಲ್ಲಿ ನೀರು ಮಾತ್ರ. ಶುಕ್ರವಾರ ಸಂಜೆ ಸ್ಟೇಡಿಯಂನಲ್ಲಿ ಜೋರಾಗಿ 400 ಮೀಟರ್ ಸುತ್ತುಗಳನ್ನು ಓಡಿದ್ದೆ.

ನೀವು ಕೇಳಿದ ಮೇಲೆ ನೆನಪಾಯಿತು. ಬೆಟ್ಟ ಇಳಿದ ಮೇಲೆ ವೇಗ ಅದೇ ಇದ್ದರೂ ಗಮನ ಕೊಟ್ಟು ಓಡಬೇಕಾಗಿತ್ತು. ಹೋಗುವಾಗ ಪಕ್ಕದವರ ಜೊತೆ ಮಾತಾಡಿಕೊಂಡು ಓಡಿದ್ದೆ, ಬರುವಾಗ ಮಾತು ಬೇಡ ಅನ್ನಿಸಿತ್ತು.

ಅಂತರಗಂಗೆ, ಕೋಲಾರ

ಸಿಕ್ಕಿತು. ಈಗ ಲೆಕ್ಕ ನೋಡೋಣ. ಎಲ್ಲಾ ಅಂದಾಜು, 20-30 ಗ್ರಾಂ ಆಚೀಚೆ ಆಗಬಹುದು.

ಓಡುವಾಗ ದೇಹದ ಪ್ರತಿ ಕೆಜಿಗೆ, ಪ್ರತಿ ಕಿಲೋಮೀಟರಿಗೆ ಹೆಚ್ಚುಕಡಿಮೆ 1 ಕ್ಯಾಲರಿ ಖರ್ಚು. ನಿಮಗೆ 24 ಕಿಲೋಮೀಟರಿಗೆ ಸುಮಾರು 1,500. ಬೆಟ್ಟಕ್ಕೆ ಇನ್ನೊಂದು 150 ಸೇರಿಸಿ, 1,650. ನಿಮ್ಮ ವೇಗದಲ್ಲಿ ಅದರ ಮೂರನೇ ಎರಡು ಭಾಗದಷ್ಟು ಪಿಷ್ಟ-ಸಕ್ಕರೆಯಿಂದ ಬರುತ್ತದೆ, ಉಳಿದದ್ದು ಕೊಬ್ಬಿನಿಂದ. ಅಂದರೆ 1,100 ಕ್ಯಾಲರಿ ಹತ್ತಿರ. ಗ್ರಾಂಗೆ 4 ಕ್ಯಾಲರಿಯಂತೆ ಸುಮಾರು 270 ಗ್ರಾಂ ಬೇಕಾಯಿತು.

ಇದ್ದದ್ದು ಎಷ್ಟು? ತಿಂದ ಪಿಷ್ಟವನ್ನು ದೇಹ ಗ್ಲೈಕೋಜನ್ ಆಗಿ ಎರಡು ಕಡೆ ಇಡುತ್ತದೆ, ಸ್ನಾಯುವಿನಲ್ಲಿ ಮತ್ತು ಲಿವರ್‌ನಲ್ಲಿ. ನಿಮ್ಮ ತೂಕದವರ ಕಾಲುಗಳಲ್ಲಿ 13 ಕೆಜಿಯಷ್ಟು ಸ್ನಾಯು ಇರುತ್ತದೆ. ಮಾಮೂಲಿ ಊಟದಲ್ಲಿ ಕೆಜಿಗೆ 15 ಗ್ರಾಂನಂತೆ 200 ಗ್ರಾಂ. ಲಿವರ್ ತುಂಬಿದ್ದರೆ 80ರಿಂದ 100 ಗ್ರಾಂ. ಆದರೆ ರಾತ್ರಿಯೆಲ್ಲಾ ಮೆದುಳಿಗೆ ಗ್ಲೂಕೋಸ್ ಕೊಡುವುದು ಲಿವರ್ರೇ, ಬೆಳಗಾಗುವಷ್ಟರಲ್ಲಿ ಅರ್ಧ ಖಾಲಿ. ಅಲ್ಲಿಗೆ ಒಟ್ಟು 250. ನೀವು ಶುಕ್ರವಾರ ಜೋರಾಗಿ ಓಡಿ ಕಾಲಿನದ್ದು ಖರ್ಚು ಮಾಡಿ, ಶನಿವಾರ ಮೊಟ್ಟೆ ಕೋಸಂಬರಿ ತಿಂದಿದ್ದೀರಿ. ಅದು ಮತ್ತೆ ತುಂಬಿಯೇ ಇಲ್ಲ. ಓಡುವಾಗ ಲಿವರ್ ಹೊಸದಾಗಿ ಸ್ವಲ್ಪ ಗ್ಲೂಕೋಸ್ ಮಾಡಿಕೊಡುತ್ತದೆ, ಅದರಿಂದ 24ರವರೆಗೆ ಬಂದಿದ್ದೀರಿ ಅಷ್ಟೇ.

ಮಧುಗಿರಿ ಕೋಟೆ

ಅಕ್ಕ, ಒಂದು ಅನುಮಾನ. ಕಾಲಿನದ್ದು ಮುಗಿದರೆ ಕೈ, ಬೆನ್ನು, ಭುಜದಲ್ಲಿ ಇರುವುದು ಕಾಲಿಗೆ ಬರುವುದಿಲ್ವಾ? ಮೈ ತುಂಬಾ ಸ್ನಾಯು ಇದೆಯಲ್ಲ?

ಅಂತರಗಂಗೆ, ಕೋಲಾರ

ಬರುವುದಿಲ್ಲ. ಇಲ್ಲೇ ಇರುವುದು ಗುಟ್ಟು. ಲಿವರ್ ಊರಿನ ನೀರಿನ ಟ್ಯಾಂಕ್ ಇದ್ದ ಹಾಗೆ, ಎಲ್ಲರ ಮನೆಗೂ ಬಿಡುತ್ತದೆ. ಸ್ನಾಯುವಿನದ್ದು ಮನೆಯ ಸಂಪು, ಒಳಗೆ ಬಂದ ನೀರು ಆ ಮನೆಗೇ. ಗ್ಲೈಕೋಜನ್ ಒಡೆದು ಬಂದ ಗ್ಲೂಕೋಸನ್ನು ರಕ್ತಕ್ಕೆ ಬಿಡಲು ಒಂದು ಕಿಣ್ವ ಬೇಕು. ಅದು ಲಿವರ್‌ನಲ್ಲಿದೆ, ಸ್ನಾಯುವಿನಲ್ಲಿ ಇಲ್ಲ.

ಇದನ್ನು ಬಹಳ ಚೆನ್ನಾಗಿ ತೋರಿಸಿದ ಪ್ರಯೋಗ ಒಂದಿದೆ. 1966ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹಲ್ಟ್‌ಮನ್ ಪ್ರಕಟಿಸಿದ್ದು. ಇಬ್ಬರೂ ಒಂದೇ ಸೈಕಲ್ಲಿನ ಎರಡು ಪಕ್ಕ ಕುಳಿತು, ಒಬ್ಬೊಬ್ಬರು ಒಂದೊಂದೇ ಕಾಲಿನಲ್ಲಿ ಸುಸ್ತಾಗುವವರೆಗೆ ತುಳಿದರು. ಆಮೇಲೆ ತೊಡೆಗೆ ದಪ್ಪ ಸೂಜಿ ಚುಚ್ಚಿ ಎರಡೂ ಕಾಲಿನ ಸ್ನಾಯುವಿನ ಚೂರು ತೆಗೆದು ನೋಡಿದರು. ತುಳಿದ ಕಾಲಿನಲ್ಲಿ ಗ್ಲೈಕೋಜನ್ ಹೆಚ್ಚುಕಡಿಮೆ ಖಾಲಿ, ಸುಮ್ಮನಿದ್ದ ಕಾಲಿನಲ್ಲಿ ಇದ್ದಷ್ಟೂ ಇತ್ತು. ಪಕ್ಕದ ಕಾಲೇ ಕೊಡಲಿಲ್ಲ ಅಂದ ಮೇಲೆ ಭುಜ ಎಲ್ಲಿಂದ ಕೊಡುತ್ತದೆ? ಆಮೇಲೆ ಮೂರು ದಿನ ಚೆನ್ನಾಗಿ ಪಿಷ್ಟದ ಊಟ ಮಾಡಿದಾಗ ಖಾಲಿಯಾಗಿದ್ದ ಕಾಲು ಇನ್ನೊಂದು ಕಾಲಿನ ಎರಡರಷ್ಟು ತುಂಬಿಕೊಂಡಿತು. ಮ್ಯಾರಥಾನ್ ಮುಂಚೆ ಅನ್ನ ಜಾಸ್ತಿ ತಿನ್ನುವ ಪದ್ಧತಿ ಶುರುವಾಗಿದ್ದು ಇದರಿಂದ.

ಈಗ ಬೆಲ್ಲದ ಪ್ರಶ್ನೆ. ನಿಮಗೆ ಆ ದಿನ ಆದದ್ದು ಎರಡು. ಕೈ ನಡುಕ, ಲೆಕ್ಕ ತಪ್ಪಿದ್ದು ಲಿವರ್ ಬರಿದಾಗಿ ರಕ್ತದಲ್ಲಿ ಗ್ಲೂಕೋಸ್ ಇಳಿದದ್ದರಿಂದ. ಮೆದುಳಿಗೆ ಬೇಕಾದದ್ದು ಗಂಟೆಗೆ 5-6 ಗ್ರಾಂ ಅಷ್ಟೇ, ಒಂದು ಉಂಡೆ ಬೆಲ್ಲ ಧಾರಾಳ ಸಾಕು. ಕಾಲು ಭಾರವಾಗಿದ್ದು ಸ್ನಾಯುವಿನ ಸ್ವಂತ ದಾಸ್ತಾನು ಮುಗಿದದ್ದರಿಂದ. ನೀವು ಓಡುವಾಗ ಗಂಟೆಗೆ 600 ಕ್ಯಾಲರಿ ಉರಿಯುತ್ತದೆ. ಬಾಯಿಂದ ಹಾಕಿದ ಗ್ಲೂಕೋಸನ್ನು ಕರುಳು ಬಿಡುವುದು ನಿಮಿಷಕ್ಕೆ 1 ಗ್ರಾಂ ಲೆಕ್ಕದಲ್ಲಿ, ಅಂದರೆ ಗಂಟೆಗೆ 240 ಕ್ಯಾಲರಿ. ಬರಿದಾದ ಮೇಲೆ ಎಷ್ಟು ತಿಂದರೂ ಹಳೆಯ ವೇಗ ಬರದೇ ಇರುವುದು ಇದಕ್ಕೇ.

ಕಡಿಮೆ ಅನ್ನ, ಚಿಂತಾಮಣಿ

ಅದಕ್ಕೇ ನಾನು ಹೇಳುವುದು, ಈ ಪಿಷ್ಟವನ್ನು ನಂಬಿಕೊಂಡರೆ ಹೀಗೇ ಆಗುವುದು. 62 ಕೆಜಿ ಮನುಷ್ಯನ ಮೈಯಲ್ಲಿ 8 ಕೆಜಿ ಕೊಬ್ಬು ಇದ್ದರೂ 70,000 ಕ್ಯಾಲರಿ ಮೇಲೆ ಇದೆ. ಸಾಲು ಸಾಲು ಮ್ಯಾರಥಾನ್ ಓಡಬಹುದು. ನಾನು ಅನ್ನ ಬಿಟ್ಟು ಕೊಬ್ಬಿನ ಊಟಕ್ಕೆ ಬಂದ ಮೇಲೆ ಮೂರು ನಾಲ್ಕು ಗಂಟೆ ಏನೂ ತಿನ್ನದೆ ಓಡುತ್ತೇನೆ. ವಾಲ್ ಅನ್ನುವುದನ್ನೇ ನೋಡಿಲ್ಲ. ದುರ್ಗದ ದಾರಿಯವರು ಮುದ್ದೆ ಬಿಟ್ಟದ್ದು ತಪ್ಪಲ್ಲ, ಪೂರ್ತಿ ಬಿಡದೇ ಇದ್ದದ್ದು ತಪ್ಪು.

ಅಂತರಗಂಗೆ, ಕೋಲಾರ

ನಿಮ್ಮ ಅನುಭವ ಸುಳ್ಳು ಅನ್ನುವುದಿಲ್ಲ. ಕೊಬ್ಬು ಮುಗಿಯುವುದಿಲ್ಲ, ನಿಜ. ತೊಂದರೆ ಇರುವುದು ಅದು ಎಷ್ಟಿದೆ ಅನ್ನುವುದರಲ್ಲಲ್ಲ, ಎಷ್ಟು ಬೇಗ ಶಕ್ತಿ ಕೊಡುತ್ತದೆ ಅನ್ನುವುದರಲ್ಲಿ. ಒಂದು ನಿಮಿಷಕ್ಕೆ ಗ್ಲೈಕೋಜನ್ ಕೊಡುವ ಶಕ್ತಿಯ ಅರ್ಧದಷ್ಟನ್ನು ಮಾತ್ರ ಕೊಬ್ಬು ಕೊಡಬಲ್ಲದು. ಅಷ್ಟೇ ಶಕ್ತಿಗೆ ಆಮ್ಲಜನಕವೂ ಜಾಸ್ತಿ ಬೇಕು. ಅದಕ್ಕೇ ವಾಲ್ ಹೊಡೆದವರು ಕೆಳಗೆ ಬೀಳುವುದಿಲ್ಲ, ನಡೆಯುತ್ತಾರೆ. ಕೊಬ್ಬಿನ ವೇಗಕ್ಕೆ ಇಳಿದಿರುತ್ತಾರೆ.

ಕೊಬ್ಬಿನ ಊಟಕ್ಕೆ ಒಗ್ಗಿದವರಲ್ಲಿ ಕೊಬ್ಬು ಉರಿಯುವುದು ಎರಡು ಪಟ್ಟಾಗುತ್ತದೆ, ಅದೂ ನಿಜ. ಆದರೆ ಆಸ್ಟ್ರೇಲಿಯಾದಲ್ಲಿ ಲೂಯಿಸ್ ಬರ್ಕ್ ತಂಡ ವೇಗದ ನಡಿಗೆಯ ಸ್ಪರ್ಧಿಗಳ ಮೇಲೆ ನೋಡಿ 2017ರಲ್ಲಿ ಪ್ರಕಟಿಸಿದ್ದರಲ್ಲಿ, ಅದೇ ವೇಗಕ್ಕೆ ಅವರಿಗೆ ಆಮ್ಲಜನಕ ಜಾಸ್ತಿ ಬೇಕಾಯಿತು. ಮೂರು ವಾರದ ತರಬೇತಿ ಮಾಡಿಯೂ ಸ್ಪರ್ಧೆಯ ಸಮಯ ಸುಧಾರಿಸಲಿಲ್ಲ. ಪಿಷ್ಟ ತಿಂದವರದ್ದು ಸುಧಾರಿಸಿತು. ನಿಧಾನವಾಗಿ ಇಡೀ ದಿನ ಓಡುವವರಿಗೆ ನಿಮ್ಮ ದಾರಿ ನಡೆಯಬಹುದು. ವೇಗ ಬೇಕಾದವರಿಗೆ ನಾನು ಹೇಳಲಾರೆ.

ಕಡಿಮೆ ಅನ್ನ, ಚಿಂತಾಮಣಿ

ಮೂರು ವಾರ ಸಾಲದು ಮೇಡಂ. ಒಗ್ಗಲು ತಿಂಗಳುಗಟ್ಟಲೆ ಬೇಕು. ನಾನು ಒಪ್ಪುವುದಿಲ್ಲ.

ಪಿಟಿ ಮೇಷ್ಟ್ರು, ಶಿರಾ

ಲ್ಯಾಕ್ಟಿಕ್ ಆಸಿಡ್ ವಿಷಯ ಬಿಡಿ. ಆದರೆ ಮೊದಲ ಪ್ರಶ್ನೆಗೆ ಉತ್ತರ ಬಂದಿಲ್ಲ. ಗ್ಲೈಕೋಜನ್ ಮೊದಲ ಹೆಜ್ಜೆಯಿಂದಲೇ ಇಳಿಯುತ್ತಾ ಬರುತ್ತದೆ ಅಂದ ಮೇಲೆ ವೇಗವೂ ಸ್ವಲ್ಪ ಸ್ವಲ್ಪ ಇಳಿಯಬೇಕಿತ್ತು. ಐದು ನಿಮಿಷದಲ್ಲಿ ಹೇಗೆ ಬಿತ್ತು? ನನ್ನ ಅನುಭವದಲ್ಲಿ ಅರ್ಧ ಇದು ಮನಸ್ಸಿನ ಆಟ. ಗಟ್ಟಿ ಹುಡುಗರು ಕೂಗಿ ಹುರಿದುಂಬಿಸಿದರೆ ಮತ್ತೆ ಓಡುತ್ತಾರೆ.

ಅಂತರಗಂಗೆ, ಕೋಲಾರ

ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗವೇ ಇದು.

ತೊಡೆಯ ಸ್ನಾಯುವಿನಲ್ಲಿ ಲಕ್ಷಾಂತರ ಎಳೆಗಳಿವೆ. ನಿಮಿಷ 6ರ ವೇಗಕ್ಕೆ ಎಲ್ಲವೂ ಬೇಕಿಲ್ಲ. ಶುರುವಿನಲ್ಲಿ ದುಡಿಯುವುದು ಹೆಚ್ಚಾಗಿ ನಿಧಾನ ಎಳೆಗಳು, ಅವು ಕಮ್ಮಿ ಖರ್ಚಿನಲ್ಲಿ ಬಹಳ ಹೊತ್ತು ದುಡಿಯುತ್ತವೆ. ಮೊದಲು ಬರಿದಾಗುವುದೂ ಅವೇ. ಅವು ಒಂದೊಂದಾಗಿ ಸೋತಂತೆ ಮೆದುಳು ಅದುವರೆಗೆ ಸುಮ್ಮನಿದ್ದ ಬೇರೆ ಎಳೆಗಳನ್ನು, ವೇಗದ ಎಳೆಗಳನ್ನೂ ಕೆಲಸಕ್ಕೆ ಕರೆಯುತ್ತದೆ. ಹಾಗಾಗಿ ಗಡಿಯಾರದಲ್ಲಿ ವೇಗ ಅಷ್ಟೇ ಕಾಣುತ್ತದೆ. ಒಳಗೆ ಆಳು ಬದಲಾಗಿರುತ್ತಾರೆ. ವೇಗದ ಎಳೆಗಳು ಅದೇ ಕೆಲಸಕ್ಕೆ ಗ್ಲೈಕೋಜನ್ ಜಾಸ್ತಿ ಸುಡುತ್ತವೆ, ಆದ್ದರಿಂದ ಕೊನೆಯ ಭಾಗದಲ್ಲಿ ಖಾಲಿಯಾಗುವುದೂ ಚುರುಕು. ಇನ್ನು ಕರೆಯಲು ಯಾವ ಎಳೆಯೂ ಉಳಿದಿಲ್ಲ ಅನ್ನುವಾಗ ವೇಗ ಒಮ್ಮೆಲೇ ಬೀಳುತ್ತದೆ. ಅದೇ ಹೊತ್ತಿಗೆ ಲಿವರ್ ಕೂಡ ಕೈ ಎತ್ತುತ್ತದೆ. ಕಾಲಿನ ಸಂಗ್ರಹ ಇಳಿದಷ್ಟೂ ಕಾಲು ರಕ್ತದಿಂದ ಗ್ಲೂಕೋಸನ್ನು ಜಾಸ್ತಿ ಎಳೆದುಕೊಳ್ಳುತ್ತದೆ, ಹಾಗಾಗಿ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತವೆ.

ದುರ್ಗದ ದಾರಿಯವರಿಗೆ ಬರುವಾಗ ಮಾತು ಬೇಡ ಅನ್ನಿಸಿತ್ತಲ್ಲ, ಅದು ಆ ಬದಲಾವಣೆಯ ಗುರುತು. ಅದೇ ವೇಗ, ಜಾಸ್ತಿ ಪ್ರಯತ್ನ. ವಾಲ್‌ಗೆ ಮುನ್ಸೂಚನೆ ಇಲ್ಲ ಅನ್ನುತ್ತಾರೆ, ಇರುತ್ತದೆ. ವಾಚ್ ತೋರಿಸುವ ವೇಗದಲ್ಲಿ ಅದು ಕಾಣುವುದಿಲ್ಲ ಅಷ್ಟೇ.

ಮನಸ್ಸಿನ ವಿಷಯ ಪೂರ್ತಿ ತಳ್ಳಿಹಾಕುವುದಿಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಸುಮಾರು ಒಂದು ಗಂಟೆಯ ಸೈಕಲ್ ಪರೀಕ್ಷೆಯಲ್ಲಿ ಪಿಷ್ಟದ ದ್ರಾವಣವನ್ನು ಬಾಯಲ್ಲಿ ಮುಕ್ಕಳಿಸಿ ಉಗುಳಿದರೂ ಸಮಯ ಸುಧಾರಿಸಿತು. ಒಂದು ಹನಿ ಹೊಟ್ಟೆಗೆ ಹೋಗದೆ! ಬಾಯಿಯಿಂದ ಮೆದುಳಿಗೆ ಏನೋ ಸುದ್ದಿ ಹೋಗುತ್ತದೆ. ಹಾಗಾದರೆ ಮೆದುಳು ಎಷ್ಟು ಪಾಲು ತಡೆಹಿಡಿಯುತ್ತದೆ, ಸ್ನಾಯು ಎಷ್ಟು ಪಾಲು ನಿಜವಾಗಿ ಸೋತಿರುತ್ತದೆ ಅನ್ನುವುದು ಇನ್ನೂ ವಾದದ ವಿಷಯವೇ. ಸ್ನಾಯುವಿನಲ್ಲಿ ಗ್ಲೈಕೋಜನ್ ಪೂರ್ತಿ ಸೊನ್ನೆಯಾಗುವ ಮುಂಚೆಯೇ ಅದು ಸಂಕುಚಿಸುವ ಬಲ ಕಮ್ಮಿಯಾಗುತ್ತದೆ ಅನ್ನುವುದು ಮಾತ್ರ ಗೊತ್ತು. ನೀವು ಕೂಗಿದಾಗ ಹುಡುಗರು ಸ್ವಲ್ಪ ದೂರ ಓಡುವುದು ನಿಜ ಇರಬಹುದು. ಆರು ಕಿಲೋಮೀಟರ್ ಓಡಿಸಲು ಕೂಗಿದರೆ ಆಗುವುದಿಲ್ಲ.

ಮಧುಗಿರಿ ಕೋಟೆ

ಮೇಷ್ಟ್ರು ಹೇಳಿದ ಓಆರ್‌ಎಸ್ ಸಾಕಾಗುತ್ತಾ? ನಾನು ಅದನ್ನೇ ಕುಡಿಯುವುದು. ಎಳನೀರೂ ಕುಡಿಯುತ್ತೇನೆ.

ಅಂತರಗಂಗೆ, ಕೋಲಾರ

ಓಆರ್‌ಎಸ್ ಭೇದಿಗೆ ಮಾಡಿದ ಔಷಧಿ. ಒಂದು ಲೀಟರಿಗೆ ಗ್ಲೂಕೋಸ್ ಇರುವುದು 13.5 ಗ್ರಾಂ, ಅಂದರೆ 54 ಕ್ಯಾಲರಿ. ನೀರು, ಉಪ್ಪು ಒಳಗೆ ಸೇರಲು ಬೇಕಾದಷ್ಟೇ ಸಕ್ಕರೆ ಹಾಕಿರುತ್ತಾರೆ. ಬೆವರಿಗೆ ಒಳ್ಳೆಯದು, ಗ್ಲೈಕೋಜನ್‌ಗೆ ಏನೂ ಅಲ್ಲ. ಒಂದು ಎಳನೀರಿನಲ್ಲಿಯೂ ಸಕ್ಕರೆ ಹತ್ತು ಗ್ರಾಂ ಆಸುಪಾಸು.

ಎರಡು ಗಂಟೆ ಮೀರುವ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಬೇಕು. ಒಂದು ಮಧ್ಯಮ ಪಚ್ಚಬಾಳೆಯಲ್ಲಿ 25 ಗ್ರಾಂ. ನಿಂಬೆಹಣ್ಣಿನ ಗಾತ್ರದ ಬೆಲ್ಲದಲ್ಲಿ 20ಕ್ಕಿಂತ ಜಾಸ್ತಿ. ಸಣ್ಣ ಖರ್ಜೂರ ನಾಲ್ಕು ತಿಂದರೆ ಅಷ್ಟೇ. ಜೆಲ್ಲೇ ಬೇಕೆಂದಿಲ್ಲ. ಮುಖ್ಯ ಅಂದರೆ ಮೊದಲ ಅರ್ಧ ಮುಕ್ಕಾಲು ಗಂಟೆಯಲ್ಲೇ ಶುರು ಮಾಡಬೇಕು, ಹಸಿವು ಕಾಯಬಾರದು. ಒಂದೇ ಸಲ ನುಂಗದೆ ಇಪ್ಪತ್ತು ನಿಮಿಷಕ್ಕೊಂದು ತುಂಡು, ಜೊತೆಗೆ ಎರಡು ಗುಟುಕು ನೀರು.

ಮಧುಗಿರಿ ಕೋಟೆ

ಓಡುವಾಗ ಬಾಳೆಹಣ್ಣು ತಿಂದರೆ ನನಗೆ ಹೊಟ್ಟೆ ತೊಳಸುತ್ತದೆ. ಬೆಲ್ಲ ತಿಂದರೆ ಪರವಾಗಿಲ್ಲ.

ಅಂತರಗಂಗೆ, ಕೋಲಾರ

ಹಾಗಾದರೆ ಬೆಲ್ಲವೇ ಸರಿ. ಕಮ್ಮಿಯಿಂದ ಶುರು ಮಾಡಿ ವಾರ ವಾರ ಸ್ವಲ್ಪ ಜಾಸ್ತಿ ಮಾಡಿ. ಕರುಳೂ ಅಭ್ಯಾಸ ಮಾಡಿಕೊಳ್ಳುತ್ತದೆ. ಬೆಟ್ಟ ಹತ್ತುವಾಗ ತಿನ್ನಬೇಡಿ, ಆಗ ರಕ್ತ ಹೊಟ್ಟೆಗಿಂತ ಕಾಲಿಗೆ ಹೋಗುತ್ತಿರುತ್ತದೆ. ಬುಡದಲ್ಲೇ ತಿಂದು ಮುಗಿಸಿ.

ದುರ್ಗದ ದಾರಿ, ತುಮಕೂರು

ಮೇಡಂ, ಹಿಂದಿನ ದಿನದ್ದೂ ಹೇಳಿ. ಮುದ್ದೆ ತಿನ್ನಬಹುದಾ? ಕೆಲವರು ಓಟದ ಮುಂಚೆ ಅನ್ನವೇ ಒಳ್ಳೆಯದು ಅನ್ನುತ್ತಾರೆ.

ಪಿಟಿ ಮೇಷ್ಟ್ರು, ಶಿರಾ

ಮುದ್ದೆ ಬಿಟ್ಟು ಅನ್ನ ತಿನ್ನಿ ಅಂತ ನಮ್ಮ ಕಡೆಯವರಿಗೆ ಹೇಳಿದರೆ ಜಗಳ ಆಗುತ್ತದೆ ನೋಡಿ!

ಅಂತರಗಂಗೆ, ಕೋಲಾರ

ನಾನೂ ಕೋಲಾರದವಳೇ ಮೇಷ್ಟ್ರೇ, ಮುದ್ದೆ ಬಿಡಿಸುವುದಿಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 70 ಗ್ರಾಂ ಹತ್ತಿರ ಪಿಷ್ಟ ಇದೆ. ಗ್ಲೈಕೋಜನ್ ತುಂಬಲು ಅದು ಅನ್ನಕ್ಕೆ ಕಮ್ಮಿ ಅಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಅದೊಂದೇ ವಿಷಯ. ಬೆಳಗ್ಗೆ ಐದಕ್ಕೆ ಓಡಬೇಕಾದರೆ ಹಿಂದಿನ ರಾತ್ರಿ ಕೆಲವರಿಗೆ ಹೊಟ್ಟೆ ಭಾರ. ಮಧ್ಯಾಹ್ನ ಮುದ್ದೆ, ರಾತ್ರಿ ತಿಳಿಸಾರು ಅನ್ನ ಮಾಡಿಕೊಳ್ಳಿ.

ನಿಮ್ಮ ತೂಕಕ್ಕೆ ಹಿಂದಿನ ದಿನ 400ರಿಂದ 500 ಗ್ರಾಂ ಪಿಷ್ಟ ಬೇಕು, ಅದು ಒಂದು ಹೊತ್ತಿನಲ್ಲಿ ಆಗುವ ಮಾತಲ್ಲ, ಮೂರು ಹೊತ್ತಿಗೂ ಹಂಚಿ. ಬೆಳಗ್ಗೆ ತೂಕ ಒಂದು ಕೆಜಿ ಜಾಸ್ತಿ ತೋರಿಸಿದರೆ ಗಾಬರಿ ಬೇಡ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಮೂರು ಗ್ರಾಂ ನೀರನ್ನು ಹಿಡಿದಿಡುತ್ತದೆ, ಅದು ಕೊಬ್ಬಲ್ಲ. ತೂಕ ಇಳಿಸುವುದೇ ಇದ್ದರೆ ಉದ್ದ ಓಟ ಇಲ್ಲದ ದಿನ ಊಟ ಕಮ್ಮಿ ಮಾಡಿ, ಶನಿವಾರ ಬೇಡ. ಶುಕ್ರವಾರದ ಜೋರು ಓಟವನ್ನು ಬುಧವಾರಕ್ಕೆ ಹಾಕಿ. ಖಾಲಿಯಾದ ಸ್ನಾಯು ತುಂಬಲು ಚೆನ್ನಾಗಿ ತಿಂದರೂ ಒಂದು ದಿನ ಪೂರ್ತಿ ಬೇಕು.

ಇನ್ನೊಂದು ಮಾತು. ಬೆಟ್ಟ ಹತ್ತುವಾಗ ನಿಮ್ಮ ಬಡಿತ ಎಷ್ಟಿತ್ತು?

ದುರ್ಗದ ದಾರಿ, ತುಮಕೂರು

ಈಗ ತೆಗೆದು ನೋಡಿದೆ. ಹತ್ತುವಾಗ 172, ಮೇಲಿನ ತಿರುವುಗಳಲ್ಲಿ 176.

ಅಂತರಗಂಗೆ, ಕೋಲಾರ

ಅಲ್ಲೇ ಜಾಸ್ತಿ ಹೋಗಿದೆ. ಆ ತೀವ್ರತೆಯಲ್ಲಿ ಹೆಚ್ಚುಕಡಿಮೆ ಎಲ್ಲಾ ಶಕ್ತಿಯೂ ಗ್ಲೈಕೋಜನ್‌ನಿಂದಲೇ ಬರುತ್ತದೆ. ನಾನು ಮೂರನೇ ಎರಡು ಅಂತ ಹಾಕಿದ ಲೆಕ್ಕ ಸಮತಟ್ಟಿನ ಓಟಕ್ಕೆ. ಘಾಟ್‌ನಲ್ಲಿ 160 ದಾಟದ ಹಾಗೆ ನೋಡಿಕೊಳ್ಳಿ, ಕಡಿದಾದ ಕಡೆ ನಡೆದರೂ ಸರಿ. ಮೇಲೆ ಮೂರು ನಾಲ್ಕು ನಿಮಿಷ ತಡವಾದರೆ ಆಗಲಿ, ವಾಪಸ್ ದಾರಿಯಲ್ಲಿ ಅದಕ್ಕಿಂತ ಜಾಸ್ತಿ ಉಳಿಯುತ್ತದೆ.

ಕಡಿಮೆ ಅನ್ನ, ಚಿಂತಾಮಣಿ

ಬಡಿತದ ಮಾತು ನಾನೂ ಒಪ್ಪುತ್ತೇನೆ. ಊಟದ ಮಾತು ಇಲ್ಲ. ಮುಂದಿನ ತಿಂಗಳು ಇದೇ ದುರ್ಗದ ದಾರಿಗೆ ನಾನೂ ಬರುತ್ತೇನೆ. ನಾನು ಏನೂ ತಿನ್ನದೆ, ನೀವು ಬೆಲ್ಲ ತಿಂದು. ವಾಚ್‌ನಲ್ಲಿ ಬಂದದ್ದನ್ನು ಇಬ್ಬರೂ ಇಲ್ಲೇ ಹಾಕೋಣ.

ದುರ್ಗದ ದಾರಿ, ತುಮಕೂರು

ಬನ್ನಿ ಸರ್, ಖಂಡಿತ. ಆದರೆ ನಿಮ್ಮ ಪಾಲಿನ ಬೆಲ್ಲವನ್ನೂ ನನ್ನ ಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ.